ಒಂದು ಸೊರಗಿದ ಕಾಲಿನ ಹಿಂದೆ ಇನ್ನೂರು ಮಕ್ಕಳು

‘ಹೋದ ತಿಂಗಳು ತಾನೆ ಹಾಕಿಸಿದ್ವಲ್ಲ, ಮತ್ತೆ ಯಾಕೆ?’ ಪಲ್ಸ್ ಪೋಲಿಯೊ ಭಾನುವಾರಗಳಲ್ಲಿ ಬಹಳ ತಾಯಂದಿರು ಕೇಳಿದ ಪ್ರಶ್ನೆ ಇದು. ಮಗು ಗುಂಡುಕಲ್ಲಿನ ಹಾಗಿದೆ, ಬೀದಿಯಲ್ಲಿ ಯಾರಿಗೂ ಪೋಲಿಯೊ ಇಲ್ಲ. ಆದರೂ ಎರಡು ಹನಿ ಹಾಕಿ, ಎಡಗೈ ಕಿರುಬೆರಳಿಗೆ ಇಂಕು ಬಳಿದು ಕಳಿಸುತ್ತಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಸಿಗಬೇಕಾದರೆ ನೂರು ವರ್ಷಕ್ಕಿಂತ ಹಿಂದೆ, ಸ್ವೀಡನ್‌ಗೆ ಹೋಗಬೇಕು.

1905ರಲ್ಲಿ ಅಲ್ಲಿ ಸಾವಿರಕ್ಕೂ ಹೆಚ್ಚು ಜನಕ್ಕೆ ಪೋಲಿಯೊ ಬಂತು. ಐವಾರ್ ವಿಕ್‌ಮನ್ ಎಂಬ ವೈದ್ಯ ಹಳ್ಳಿಹಳ್ಳಿ ಸುತ್ತಿದ. ಕಾಲು ಬಿದ್ದ ಮಕ್ಕಳನ್ನು ಮಾತ್ರ ನೋಡಿದರೆ ರೋಗ ಒಂದು ಮನೆಯಿಂದ ಇನ್ನೊಂದಕ್ಕೆ ಹೇಗೆ ಹೋಯಿತು ಅಂತ ಗೊತ್ತೇ ಆಗುತ್ತಿರಲಿಲ್ಲ. ಆತ ಎರಡು ದಿನ ಜ್ವರ, ತಲೆನೋವು ಬಂದು ಸುಮ್ನೆ ವಾಸಿಯಾದವರನ್ನೂ ಲೆಕ್ಕಕ್ಕೆ ಸೇರಿಸಿಕೊಂಡ. ಆಗ ಕೊಂಡಿಗಳು ಕಾಣಿಸಿದವು. ಶಾಲೆಯೇ ಎಷ್ಟೋ ಕಡೆ ನಡುಬಿಂದು. ಸಮುದ್ರದಲ್ಲಿ ತೇಲುವ ಮಂಜುಗಡ್ಡೆಯ ಹಾಗೆ, ನೀರಿನ ಮೇಲೆ ಒಂದು ತುಣುಕು, ಕೆಳಗೆ ಬೆಟ್ಟ. ‘ಐಸ್‌ಬರ್ಗ್’ ಎಂಬ ಹೆಸರು ವೈದ್ಯರ ಬಾಯಲ್ಲಿ ಬಳಕೆಗೆ ಬಂದದ್ದು ಬಹಳ ಆಮೇಲೆ. ಆದರೆ ವಿಕ್‌ಮನ್ ಕಂಡದ್ದು ಅದನ್ನೇ.

ಆದರೆ ಅವನ ಮಾತು ಎಲ್ಲರ ತಲೆಗೆ ಹೋಗಲಿಲ್ಲ. 1916ರಲ್ಲಿ ನ್ಯೂಯಾರ್ಕ್‌ನಲ್ಲಿ ಪೋಲಿಯೊ ಹರಡಿದಾಗ ಕಾಯಿಲೆ ಬಿದ್ದ ಮನೆಗಳ ಬಾಗಿಲಿಗೆ ಎಚ್ಚರಿಕೆ ಚೀಟಿ ಅಂಟಿಸಿದರು, ಮಕ್ಕಳನ್ನು ಬೇರೆ ಇಟ್ಟರು, ಊರು ಬಿಡುವ ಮಕ್ಕಳಿಗೆ ಪ್ರಮಾಣಪತ್ರ ಬೇಕು ಅಂದರು. ರೋಗ ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ? ಕಾವಲು ಕಾದದ್ದು ತುದಿಗೆ, ವೈರಸ್ಸು ಓಡಾಡುತ್ತಿದ್ದದ್ದು ಬುಡದಲ್ಲಿ.

ಒಂದು ಮಗುವಿನ ದಾರಿ ಹಿಡಿದು ನೋಡೋಣ. ಎಂಟು ತಿಂಗಳ ಕೂಸು ಅಂತಿಟ್ಟುಕೊಳ್ಳಿ. ತಾಯಿಯಿಂದ ಬಂದ ರಕ್ಷಣೆ ಕರಗಿದೆ, ಹನಿ ಹಾಕಿಸಿಲ್ಲ, ಮನೆ ಪಕ್ಕ ತೆರೆದ ಚರಂಡಿ. ರೋಗ ಇನ್ನೂ ಬಂದಿಲ್ಲ, ಬರಲು ಬೇಕಾದದ್ದೆಲ್ಲ ಸಿದ್ಧವಾಗಿದೆ. ಇದು ಮೊದಲ ಹಂತ. ಒಂದು ದಿನ ವೈರಸ್ಸು ಬಾಯಿಗೆ ಸೇರುತ್ತದೆ, ಗಂಟಲಲ್ಲೂ ಕರುಳಲ್ಲೂ ಬೆಳೆಯುತ್ತದೆ. ಮಗು ಆಡಿಕೊಂಡೇ ಇರುತ್ತದೆ. ಆದರೆ ಅದರ ಮಲದಲ್ಲಿ ವಾರಗಟ್ಟಲೆ ವೈರಸ್ಸು ಹೊರಬೀಳುತ್ತಿರುತ್ತದೆ. ಹೆಚ್ಚಿನ ಮಕ್ಕಳ ಕಥೆ ಇಲ್ಲಿಗೇ ಮುಗಿಯುತ್ತದೆ. ತಾಯಿಗೂ ಗೊತ್ತಾಗುವುದಿಲ್ಲ, ಡಾಕ್ಟರಿಗೂ ಗೊತ್ತಾಗುವುದಿಲ್ಲ. ಸುಮಾರು ಕಾಲು ಭಾಗ ಮಕ್ಕಳಿಗೆ ಸಣ್ಣ ಜ್ವರ, ಗಂಟಲುನೋವು ಬಂದು ಹೋಗುತ್ತದೆ.

ಸರಿಸುಮಾರು ಇನ್ನೂರರಲ್ಲಿ ಒಂದು ಮಗುವಿಗೆ ಮಾತ್ರ ವೈರಸ್ಸು ಬೆನ್ನುಹುರಿಯ ನರಕೋಶಕ್ಕೆ ಇಳಿಯುತ್ತದೆ. ಜ್ವರದ ಜೊತೆಗೇ ಒಂದು ಕಾಲು ಜೋಲು ಬೀಳುತ್ತದೆ. ಚಿವುಟಿದರೆ ಅಳುತ್ತದೆ, ಸ್ಪರ್ಶ ಹೋಗಿಲ್ಲ. ಆದರೆ ಎತ್ತಲಾರದು. ಇಲ್ಲೊಂದು ವಿಚಿತ್ರವಿದೆ. ವೈರಸ್ಸು ಒಳಗಿರುವಾಗ ಜ್ವರಕ್ಕೆಂದು ತೊಡೆಗೆ ಇಂಜೆಕ್ಷನ್ ಕೊಟ್ಟರೆ ಅದೇ ಕಾಲು ಬೀಳುವ ಸಾಧ್ಯತೆ ಜಾಸ್ತಿ. ‘ಸೂಜಿ ಚುಚ್ಚಿಸಿದ ಮೇಲೆ ಕಾಲು ಹೋಯ್ತು’ ಅಂತ ಹಳಬರು ಹೇಳುತ್ತಿದ್ದದ್ದು ಬರೀ ಭ್ರಮೆಯಾಗಿರಲಿಲ್ಲ, ಅಲ್ವಾ?

ಮುಂದಿನದು ಚೇತರಿಕೆ. ಬರುವ ಬಲದಲ್ಲಿ ಹೆಚ್ಚಿನದು ಮೊದಲ ಆರು ತಿಂಗಳಲ್ಲೇ ಬರುತ್ತದೆ. ಒಂದು ವರ್ಷ ದಾಟಿದ ಮೇಲೂ ಉಳಿದ ಕುಂಟು ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಹಲವು ದಶಕ ಕಳೆದ ಮೇಲೆ ಕೆಲವರಿಗೆ ಮತ್ತೆ ಸುಸ್ತು, ಸ್ನಾಯು ನೋವು ಶುರುವಾಗುವುದೂ ಉಂಟು.

ಎಲ್ಲ ರೋಗವೂ ಹೀಗಲ್ಲ. ರೇಬೀಸ್‌ನಲ್ಲಿ ನೀರಿನ ಕೆಳಗೆ ಹುಡುಕಿದರೂ ಬೆಟ್ಟ ಸಿಗುವುದಿಲ್ಲ. ಪೋಲಿಯೊದಲ್ಲಿ ಮಾತ್ರ ಒಂದು ಕಾಲು ಬಿದ್ದ ಸುದ್ದಿ ಬಂತು ಅಂದರೆ, ಆ ಊರಲ್ಲಿ ಇನ್ನೂರರಷ್ಟು ಮಕ್ಕಳ ಹೊಟ್ಟೆಗೆ ವೈರಸ್ಸು ಹೋಗಿ ಬಂದಿದೆ ಅಂತಲೇ ಲೆಕ್ಕ. ಆ ಇನ್ನೂರು ಮಕ್ಕಳು ಯಾರು ಅಂತ ಗುರುತಿಸಲಾಗದು. ಹಾಗಾಗಿ 1995ರಲ್ಲಿ ಶುರುವಾದ ಪಲ್ಸ್ ಪೋಲಿಯೊದಲ್ಲಿ ಹಿಂದೆ ಹಾಕಿಸಿದ್ದೀರೋ ಇಲ್ಲವೋ ಕೇಳದೆ, ಎಲ್ಲ ಪುಟ್ಟ ಮಕ್ಕಳಿಗೂ ಒಂದೇ ದಿನ ಹನಿ ಹಾಕಿದರು. ಜೊತೆಗೆ ತುದಿಯ ಮೇಲೂ ಕಣ್ಣಿಟ್ಟರು. ಹದಿನೈದು ವರ್ಷದೊಳಗಿನ ಯಾವ ಮಗುವಿಗೆ ಹಠಾತ್ತನೆ ಕೈಕಾಲು ಜೋತುಬಿದ್ದರೂ, ಎರಡು ವಾರದೊಳಗೆ, ಒಂದು ದಿನದ ಅಂತರದಲ್ಲಿ ಎರಡು ಸಲ ಮಲದ ಮಾದರಿ ತೆಗೆದು, ಐಸ್ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ಕಳಿಸಬೇಕು. ತಡವಾದರೆ ವೈರಸ್ಸು ಸಿಗುವ ಸಾಧ್ಯತೆ ಕಡಿಮೆ. ಆಗ ‘ಪೋಲಿಯೊ ಇಲ್ಲ’ ಎಂಬ ವರದಿಗೆ ಬೆಲೆಯಿಲ್ಲ. ಲಸಿಕೆಯಿಂದಲ್ಲದೆ ನೈಸರ್ಗಿಕ ವೈರಸ್ಸಿನಿಂದಲೇ ಬಂದ ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ, ಹೌರಾದ ಒಂದು ಹೆಣ್ಣುಮಗುವಿನಲ್ಲಿ ಸಿಕ್ಕಿತು.

ಬುಡವನ್ನೇ ನೇರವಾಗಿ ನೋಡಲು ಇನ್ನೊಂದು ದಾರಿಯಿದೆ. ಅದೇ ಊರಿನ ಕೊಳಚೆ ನೀರು. ಮುಂಬೈಯಲ್ಲಿ 2001ರಿಂದ ಇದನ್ನು ಪರೀಕ್ಷೆ ಮಾಡುತ್ತಿದ್ದಾರೆ. 2013ರಲ್ಲಿ ಇಸ್ರೇಲ್‌ನ ಚರಂಡಿ ನೀರಿನಲ್ಲಿ ಪೋಲಿಯೊ ವೈರಸ್ಸು ತಿಂಗಳುಗಟ್ಟಲೆ ಸಿಗುತ್ತಲೇ ಇತ್ತು. ಅಲ್ಲಿನ ಮಕ್ಕಳಿಗೆ ಚುಚ್ಚುವ ಲಸಿಕೆ ಆಗಿತ್ತು. ಅದು ನರವನ್ನು ಕಾಯುತ್ತದೆ, ಕರುಳನ್ನು ಅಷ್ಟಾಗಿ ಕಾಯುವುದಿಲ್ಲ. ಹಾಗಾಗಿ ಮತ್ತೆ ಹನಿ ಹಾಕಲು ಹೊರಟರು, ಲಕ್ಷಾಂತರ ಮಕ್ಕಳಿಗೆ. ಅಷ್ಟು ದಿನವೂ ಒಂದೇ ಒಂದು ಮಗುವಿನ ಕಾಲೂ ಬಿದ್ದಿರಲಿಲ್ಲ.