ಪೈಲ್ ಇಳಿದದ್ದೆಷ್ಟು, ಕುಗ್ಗಿದ್ದೆಷ್ಟು?

ಸಕಲೇಶಪುರದ ಕಡೆ ಹಳ್ಳಕ್ಕೆ ಸೇತುವೆ ಕಟ್ಟುವಾಗ ಮೇಲೆ ಕೆಂಪು ಜೇಡಿ, ಕೆಳಗೆ ಜಂಬಿಟ್ಟಿಗೆ, ಅದರಡಿ ಕೈಯಲ್ಲಿ ಪುಡಿಯಾಗುವ ಕೊಳೆತ ಕಲ್ಲು ಸಿಗುತ್ತದೆ. ಗಟ್ಟಿ ಬಂಡೆ ಎಲ್ಲಿ ಶುರುವಾಗುತ್ತದೆ ಎಂಬುದು ಒಂದು ಕಂಬದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಹಾಗಾಗಿ ಸೇತುವೆಯ ಭಾರ ಹೊರಲು ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬವನ್ನು, ಅಂದರೆ ಪೈಲನ್ನು, ಹಾಕಿದ ಮೇಲೆ ಲೋಡ್ ಟೆಸ್ಟ್ ಮಾಡುತ್ತಾರೆ. ಮರಳಿನ ಚೀಲ ಇಲ್ಲವೇ ಕಾಂಕ್ರೀಟ್ ಬ್ಲಾಕ್ ಪೇರಿಸಿ, ಅದಕ್ಕೆ ಜಾಕಿ ಒತ್ತಿ ಪೈಲನ್ನು ಕೆಳಗೆ ತಳ್ಳುತ್ತಾರೆ. ಡಯಲ್ ಗೇಜು ಪೈಲ್ ತಲೆ ಎಷ್ಟು ಇಳಿಯಿತೆಂದು ತೋರಿಸುತ್ತದೆ. 8.2 ಮಿಲಿಮೀಟರ್ ಎನ್ನೋಣ. ವರದಿಯಲ್ಲಿ ಆ ಅಂಕಿಯ ಪಕ್ಕದಲ್ಲಿ ‘ಇಳಿತ’ ಎಂದು ಬರೆಯುತ್ತಾರೆ. ಆದರೆ ಮಣ್ಣು ಇಳಿದದ್ದು ಅಷ್ಟಲ್ಲ. ಅದರಲ್ಲಿ ಒಂದು ಪಾಲು ಕಾಂಕ್ರೀಟೇ ಸ್ಪ್ರಿಂಗಿನಂತೆ ಕುಗ್ಗಿದ್ದು.

ಈ ಪಾಲನ್ನು ಬೇರೆ ಮಾಡಿ ನೋಡುವ ಅಭ್ಯಾಸ ಬರಲು ಬಹಳ ಕಾಲ ಹಿಡಿಯಿತು. ಸುತ್ತಿಗೆಯಿಂದ ಹೊಡೆದು ಇಳಿಸುವ ಪೈಲ್ ಎಷ್ಟು ಭಾರ ಹೊರುತ್ತದೆ ಎಂದು ತಿಳಿಯಲು 1888ರಲ್ಲಿ ಅಮೆರಿಕದ ಎಂಜಿನಿಯರ್ ವೆಲ್ಲಿಂಗ್ಟನ್ ಕೊಟ್ಟ ಸೂತ್ರದಲ್ಲಿ ಸುತ್ತಿಗೆಯ ತೂಕ, ಅದು ಬೀಳುವ ಎತ್ತರ, ಕೊನೆಯ ಏಟಿಗೆ ಪೈಲ್ ಇಳಿದ ಅಳತೆ ಇಷ್ಟೇ ಇದ್ದವು. ಪೈಲ್ ಕುಗ್ಗಿದ್ದು, ಮಣ್ಣು ಚಿಮ್ಮಿದ್ದು ಎಲ್ಲಕ್ಕೂ ಸೇರಿಸಿ, ಮೇಲಿಂದ ಬೀಳುವ ಸುತ್ತಿಗೆಗೆ ಒಂದು ಇಂಚು ಎಂದು ಒಂದೇ ಅಂಕಿ ಹಾಕಿಬಿಟ್ಟಿದ್ದರು. ಆ ಅಂದಾಜು ಕೈಕೊಟ್ಟೀತೆಂದು 6ರ ಸುರಕ್ಷತಾ ಗುಣಾಂಕವನ್ನೂ ಇಟ್ಟಿದ್ದರು. 1920ರ ದಶಕದಲ್ಲಿ ಹೈಲಿ ಎಂಬ ಎಂಜಿನಿಯರ್ ಆ ಒಂದು ಇಂಚನ್ನು ಬಿಡಿಸಿ, ಪೈಲ್ ತಲೆಯ ಮೇಲಿನ ಮೆತ್ತೆ, ಪೈಲ್, ಮಣ್ಣು ಮೂರರ ಕುಗ್ಗುವಿಕೆಯನ್ನೂ ಬೇರೆ ಬೇರೆ ಲೆಕ್ಕ ಹಾಕಿದ. ಅಳೆಯುವ ವಿಧಾನ ಸರಳ. ಪೈಲಿಗೆ ಗ್ರಾಫ್ ಕಾಗದ ಅಂಟಿಸಿ, ನೆಲದ ಮೇಲಿನ ಅಡ್ಡಪಟ್ಟಿಗೆ ಪೆನ್ಸಿಲ್ ಆನಿಸಿ, ಏಟು ಬೀಳುವಾಗ ನಿಧಾನವಾಗಿ ಪಕ್ಕಕ್ಕೆ ಎಳೆಯುವುದು. ಗೆರೆ ಒಮ್ಮೆ ಕೆಳಗಿಳಿದು ಸ್ವಲ್ಪ ಮೇಲೆ ಬಂದು ನಿಲ್ಲುತ್ತದೆ. ಮೇಲೆ ಬಂದಷ್ಟು ತಾತ್ಕಾಲಿಕ ಕುಗ್ಗು, ಉಳಿದದ್ದು ನಿಜವಾಗಿ ಇಳಿದದ್ದು.

ಈಗ ನಮ್ಮಲ್ಲಿ ಹೆಚ್ಚಿನವು ಕೊರೆದು ಕಾಂಕ್ರೀಟ್ ತುಂಬುವ ಪೈಲ್‌ಗಳು. ಸುತ್ತಿಗೆಯೂ ಇಲ್ಲ, ಪೆನ್ಸಿಲ್ ಗೆರೆಯೂ ಇಲ್ಲ. ಹಾಗಾಗಿ ಲೋಡ್ ಮಣ್ಣಿಗೆ ಹೇಗೆ ದಾಟುತ್ತದೆ ಎಂಬುದರಿಂದಲೇ ಶುರು ಮಾಡಬೇಕು. ತಲೆಯ ಮೇಲೆ ಭಾರ ಬಿದ್ದಾಗ ಮೊದಲು ಮೇಲಿನ ಒಂದೆರಡು ಮೀಟರ್ ಕುಗ್ಗುತ್ತದೆ. ಅಲ್ಲಿ ಪೈಲ್ ಮಣ್ಣಿಗಿಂತ ಸ್ವಲ್ಪ ಕೆಳಗೆ ಸರಿಯುವುದರಿಂದ ಪಕ್ಕದ ಘರ್ಷಣೆ ಎಚ್ಚರವಾಗಿ ಒಂದಷ್ಟು ಭಾರ ಹೊರುತ್ತದೆ. ಉಳಿದದ್ದು ಕೆಳಗಿಳಿದು ಮುಂದಿನ ತುಂಡನ್ನು ಕುಗ್ಗಿಸುತ್ತದೆ. ಪಕ್ಕದ ಘರ್ಷಣೆ ಪೂರ್ತಿ ಬರಲು ಕೆಲವೇ ಮಿಲಿಮೀಟರ್ ಸರಿದರೆ ಸಾಕು. ಬುಡ ತನ್ನ ಪೂರ್ತಿ ಬಲ ತೋರಿಸಬೇಕಾದರೆ ವ್ಯಾಸದ ಶೇ. 5ರಿಂದ 10ರಷ್ಟು, ಅಂದರೆ 600 ಮಿಮೀ ಪೈಲಿಗೆ 30ರಿಂದ 60 ಮಿಮೀ ಇಳಿಯಬೇಕು. ಕುಗ್ಗುವಿಕೆ ಭಾರವನ್ನು ಕೆಳಗೆ ದಾಟಿಸುವ ದಾರಿಯೇ ಆದ್ದರಿಂದ, ಕುಗ್ಗಿದ್ದು ಗೊತ್ತಾದರೆ ಭಾರ ಎಲ್ಲಿ ಹೋಯಿತೆಂದು ಲೆಕ್ಕ ಹಾಕಬಹುದು. 1957ರಲ್ಲಿ ಸೀಡ್ ಮತ್ತು ರೀಸ್ ಈ ತುಂಡು ತುಂಡಿನ ಲೆಕ್ಕವನ್ನು ಕ್ರಮಬದ್ಧವಾಗಿ ಮಂಡಿಸಿದರು.

ಒಂದು ಉದಾಹರಣೆ ನೋಡೋಣ. 600 ಮಿಮೀ ವ್ಯಾಸ, 18 ಮೀಟರ್ ಉದ್ದ, M30 ಕಾಂಕ್ರೀಟ್, ದುಡಿಯುವ ಭಾರ 100 ಟನ್, ಟೆಸ್ಟ್ ಭಾರ 150 ಟನ್. ಅಡ್ಡಕೊಯ್ತ 0.283 ಚದರ ಮೀಟರ್. ಕಾಂಕ್ರೀಟಿನ ಸ್ಥಿತಿಸ್ಥಾಪಕ ಗುಣಾಂಕ 5000√30, ಅಂದರೆ ಸುಮಾರು 27,400 N/mm². ಟನ್ನಿಗೆ 10 ಕಿಲೋನ್ಯೂಟನ್ ಎಂದು ಹಿಡಿದು ಎರಡನ್ನೂ ಗುಣಿಸಿದರೆ 7,75,000 ಟನ್. ಭಾರವೆಲ್ಲ ಬುಡಕ್ಕೇ ಹೋಗಿದ್ದರೆ ಕುಗ್ಗು PL/AE, ಅಂದರೆ ಭಾರವನ್ನು ಉದ್ದದಿಂದ ಗುಣಿಸಿ ಈ 7,75,000ದಿಂದ ಭಾಗಿಸಿದಷ್ಟು, 3.5 ಮಿಮೀ. ಪಕ್ಕದ ಘರ್ಷಣೆ ಮೇಲಿಂದ ಕೆಳವರೆಗೆ ಒಂದೇ ಸಮನಾಗಿದ್ದು ಬುಡಕ್ಕೆ ಏನೂ ಹೋಗದಿದ್ದರೆ ಅದರ ಅರ್ಧ, 1.75 ಮಿಮೀ. ಸಾಧಾರಣವಾಗಿ ನಿಜ ಇವೆರಡರ ನಡುವೆ ಇರುತ್ತದೆ.

ಈಗ ಬುಡದ ಚಲನೆ ಅಳೆಯಲು ಟೆಲ್‌ಟೇಲ್ ಹಾಕಿದ್ದಾರೆ ಎನ್ನೋಣ. ಕಾಂಕ್ರೀಟಿನೊಳಗೆ ಒಂದು ಪೈಪು, ಅದರೊಳಗೆ ಗೋಡೆಗೆ ತಾಗದ ಉಕ್ಕಿನ ಸರಳು, ಸರಳಿನ ತುದಿ ಬುಡದಲ್ಲಿ ನಿಂತಿದೆ. ತಲೆ 8.2 ಮಿಮೀ, ಬುಡ 5.9 ಮಿಮೀ ಇಳಿದರೆ ಪೈಲ್ ಕುಗ್ಗಿದ್ದು 2.3 ಮಿಮೀ. ಅದರಿಂದ ಪೈಲಿನ ಸರಾಸರಿ ಭಾರ 0.0023 × 7,75,000 ÷ 18, ಅಂದರೆ 99 ಟನ್. ಘರ್ಷಣೆ ಸಮನಾಗಿದ್ದರೆ ತಲೆಯ 150ಕ್ಕೂ ಬುಡದ ಭಾರಕ್ಕೂ ಸರಾಸರಿ 99 ಆಗಬೇಕು, ಹಾಗಾಗಿ ಬುಡಕ್ಕೆ ಹೋದದ್ದು 48 ಟನ್. ಆದರೆ ಆಳಕ್ಕೆ ಹೋದಂತೆ ಘರ್ಷಣೆ ಸೊನ್ನೆಯಿಂದ ಏರುತ್ತದೆ ಎಂದುಕೊಂಡರೆ ಅದೇ 2.3 ಮಿಮೀಗೆ ಬುಡದ ಪಾಲು ಹೆಚ್ಚೂಕಮ್ಮಿ ಸೊನ್ನೆ! ಒಂದೇ ಸರಳನ್ನು ನಂಬಿ ತೀರ್ಮಾನಿಸಬಾರದು ಎನ್ನುವುದು ಇದಕ್ಕೇ. 9 ಮೀಟರಿನಲ್ಲಿ ನಿಲ್ಲುವ ಇನ್ನೊಂದು ಸರಳಿದ್ದು ಮೇಲಿನ ಅರ್ಧ 1.45, ಕೆಳಗಿನ ಅರ್ಧ 0.85 ಮಿಮೀ ಕುಗ್ಗಿದೆ ಎಂದು ತೋರಿಸಿದರೆ ನಡುವಿನ ಭಾರ ಸುಮಾರು 100 ಟನ್, ಬುಡದ್ದು 47 ಟನ್ ಎಂದು ಬರುತ್ತದೆ. ಆಗ ಘರ್ಷಣೆ ಸಮನಾಗಿದೆ ಎಂಬ ಊಹೆಗೆ ಆಧಾರ ಸಿಕ್ಕಂತಾಯಿತು.

ಆದರೂ ಈ ಅಂಕಿಗಳು ನಾಜೂಕು. ಕುಗ್ಗಿನ ಅಳತೆಯಲ್ಲಿ 0.1 ಮಿಮೀ ತಪ್ಪಿದರೆ ಬುಡದ ಭಾರ ಸುಮಾರು 9 ಟನ್ ತಪ್ಪುತ್ತದೆ. ಕಾಂಕ್ರೀಟಿನ ಗುಣಾಂಕ ಲೆಕ್ಕಕ್ಕಿಂತ ಶೇ. 10 ಹೆಚ್ಚಿದ್ದರೆ 48 ಟನ್ ಇದ್ದದ್ದು 68 ಟನ್ ಆಗುತ್ತದೆ. ಗೇಜುಗಳನ್ನು ಹಿಡಿದಿರುವ ಡೇಟಮ್ ಪಟ್ಟಿಯ ಮೇಲೆ ಬಿಸಿಲು ಬಿದ್ದರೂ ಸಾಕು, ಮೇಲ್ಮೈ ಕಾದು ಪಟ್ಟಿ ಬಾಗುತ್ತದೆ, ಭಾರ ಬದಲಿಸದಿದ್ದರೂ ಮುಳ್ಳು ಓಡುತ್ತದೆ. ಮೋಡ ಕವಿದು ಮತ್ತೆ ಬಿಸಿಲು ಬರುವ ಮಲೆನಾಡಿನ ದಿನಗಳಲ್ಲಿ ಪಟ್ಟಿಗೆ ಟಾರ್ಪಾಲಿನ ನೆರಳು ಬೇಕೇ ಬೇಕು. ಪಟ್ಟಿಯ ಕಾಲುಗಳನ್ನೂ ಪೈಲಿನಿಂದ ವ್ಯಾಸದ ಮೂರು ಪಟ್ಟು ದೂರ, ಕನಿಷ್ಠ ಒಂದೂವರೆ ಮೀಟರ್ ಆಚೆ ಊರಬೇಕು, ಇಲ್ಲದಿದ್ದರೆ ಪೈಲಿನ ಜೊತೆ ಅವೂ ಇಳಿಯುತ್ತವೆ.

ಇನ್ನು ತಲೆ ಎಷ್ಟು ಇಳಿಯಬಹುದು ಎಂಬ ಮಿತಿಯ ವಿಷಯ. ಪೈಲ್ ಲೋಡ್ ಟೆಸ್ಟಿನ ನಮ್ಮ ಭಾರತೀಯ ಮಾನದಂಡ IS 2911 ಭಾಗ 4ರ ಪ್ರಕಾರ 600 ಮಿಮೀವರೆಗಿನ ಪೈಲಿನ ತಲೆ 12 ಮಿಮೀ ಇಳಿದಾಗ ಇದ್ದ ಭಾರದ ಮೂರನೇ ಎರಡು ಪಾಲು ಸುರಕ್ಷಿತ ಭಾರಕ್ಕೆ ಒಂದು ಮಿತಿ. ಈ ಅಂಕಿಗೆ ಪೈಲಿನ ಉದ್ದ ಕಾಣುವುದಿಲ್ಲ. ಇದೇ ಪೈಲ್ 40 ಮೀಟರ್ ಇದ್ದು 250 ಟನ್ ಪೂರ್ತಿ ಬುಡಕ್ಕೆ ಇಳಿದರೆ ಕಾಂಕ್ರೀಟ್ ಒಂದೇ 12.9 ಮಿಮೀ ಕುಗ್ಗುತ್ತದೆ, ಮಣ್ಣು ಕದಲದಿದ್ದರೂ ಪೈಲ್ ಮಿತಿ ದಾಟಿತು. 1972ರಲ್ಲಿ ಅಮೆರಿಕದ ಡೇವಿಸನ್ ಸೂಚಿಸಿದ ಮಿತಿ ಬೇರೆ ಬಗೆಯದು. PL/AE ಕುಗ್ಗಿಗೆ 4 ಮಿಮೀ, ಅದಕ್ಕೆ ವ್ಯಾಸದ 120ನೇ ಒಂದು ಭಾಗ ಸೇರಿಸುವುದು. ನಮ್ಮ 18 ಮೀಟರ್ ಪೈಲಿಗೆ 150 ಟನ್ನಿನಲ್ಲಿ ಅದು 3.5 + 4 + 5, ಒಟ್ಟು 12.5 ಮಿಮೀ. ಎರಡೂ ಮಿತಿಗಳು ಇಲ್ಲಿ ಹತ್ತಿರ ಬಂದದ್ದು ಉದ್ದದ ಆಕಸ್ಮಿಕ. ಡೇವಿಸನ್ ಮಿತಿಯನ್ನು ಹೊಡೆದು ಇಳಿಸಿದ ಪೈಲ್‌ಗಳಿಗಾಗಿ ಮಾಡಿದ್ದು, ಬಹಳ ದಪ್ಪದ ಕೊರೆದ ಪೈಲ್‌ಗಳಿಗೆ ಅದು ಸಾಮಾನ್ಯವಾಗಿ ಬಿಗಿಯಾಗುತ್ತದೆ.

ಕೊರೆದ ಪೈಲಿನಲ್ಲಿ ಹೆಚ್ಚಾಗಿ ಕೆಡುವುದು ಬುಡವೇ. ಕೊರೆಯುವಾಗ ಕೆಳಗೆ ಕೂತ ಕೆಸರನ್ನು ತೊಳೆಯದೆ ಕಾಂಕ್ರೀಟ್ ಇಳಿಸಿದರೆ ಬುಡಕ್ಕೂ ಕೊಳೆತ ಕಲ್ಲಿಗೂ ನಡುವೆ ಮೆತ್ತನೆಯ ಪದರ ಉಳಿಯುತ್ತದೆ. ಅಂಥ ಪೈಲ್ ಪಕ್ಕದ ಘರ್ಷಣೆ ಇರುವವರೆಗೂ ಒಳ್ಳೆಯ ಪೈಲಿನಂತೆಯೇ ನಡೆಯುತ್ತದೆ. ಘರ್ಷಣೆ ಮುಗಿದ ಹಂತದಲ್ಲಿ ಭಾರಕ್ಕೆ ಇಳಿತವೆಷ್ಟೆಂದು ತೋರಿಸುವ ಗ್ರಾಫ್ ಒಮ್ಮೆಲೇ ಕೆಳಗೆ ಬಾಗುತ್ತದೆ. ಭಾರ ತೆಗೆದಾಗ ಪೈಲ್ ಮರಳಿ ಮೇಲೆ ಬರುವುದು ಹೆಚ್ಚಾಗಿ ತನ್ನ ಕಾಂಕ್ರೀಟ್ ಕುಗ್ಗಿನಷ್ಟು ಮಾತ್ರ. ಉಳಿದ ಇಳಿತ ಹಾಗೇ ನಿಲ್ಲುತ್ತದೆ. ಇದನ್ನು ಟೆಸ್ಟಿನವರೆಗೂ ಕಾಯದೆ ತಿಳಿಯಬಹುದು. ಕೊರೆತ ಮುಗಿದಾಗ ತೂಕ ಕಟ್ಟಿದ ಟೇಪು ಇಳಿಸಿ ಆಳ ಬರೆದುಕೊಳ್ಳಿ, ಕಬ್ಬಿಣದ ಪಂಜರ ಮತ್ತು ಕಾಂಕ್ರೀಟನ್ನು ಬುಡಕ್ಕೆ ಮುಟ್ಟಿಸುವ ಟ್ರೆಮಿ ಪೈಪು ಇಳಿಸಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಎರಡನೆಯದು ಕಡಿಮೆ ಬಂದರೆ ಆ ವ್ಯತ್ಯಾಸದಷ್ಟು ಕೆಸರು ಕೆಳಗಿದೆ. ಅದನ್ನು ಫ್ಲಶ್ ಮಾಡಿ, ಮೂರನೆಯ ಸಲ ಅಳೆದ ಮೇಲೆಯೇ ಕಾಂಕ್ರೀಟ್ ಲಾರಿ ಹತ್ತಿರ ಕರೆಯಬೇಕು.