‘ಮಾತ್ರ’ನ ಎತ್ತಿ ಎಲ್ಲಿಟ್ರಿ ಸ್ವಾಮಿ?

ಮಂಡ್ಯದಲ್ಲಿ ಕೂತು ಪ್ರಕಟಣೆಗಳನ್ನ ತಿದ್ದಿ ಚಿಕ್ಕದು ಮಾಡೋದು ನನ್ನ ಕೆಲಸ. ಕಾಗುಣಿತ ತಪ್ಪಿದ್ರೆ ನಂಗೆ ಸಿಟ್ಟು ಬರಲ್ಲ, ತಿದ್ಕೋತೀನಿ. ಆದ್ರೆ ವಾಕ್ಯ ಚೆನ್ನಾಗಿ ಓದಿಸ್ಕೊಂಡು ಹೋಗುತ್ತೆ, ಅರ್ಥ ಮಾತ್ರ ಪೂರ್ತಿ ಬದಲಾಗಿರುತ್ತೆ ನೋಡಿ, ಆಗ ತಲೆ ಕೆಡುತ್ತೆ.

ಹೊಸದಾಗಿ ಬರೋ ಹುಡುಗರಿಗೆ ಕೊಡೋಕೆ ಅಂತ ನಾನೇ ಒಂದು ಪ್ರಕಟಣೆ ಬರ್ದಿಟ್ಕೊಂಡಿದೀನಿ: “ಜುಲೈ 20ರಿಂದ 15 ದಿನ ಅರೆ ಖುಷ್ಕಿ ಬೆಳೆಗಳಿಗೆ ಮಾತ್ರ ನಾಲೆಗೆ ನೀರು ಹರಿಸಲಾಗುವುದು. ಭತ್ತಕ್ಕೆ ಮುಂದಿನ ಆದೇಶದವರೆಗೆ ನೀರು ಇರುವುದಿಲ್ಲ.” ಇದನ್ನ ಚಿಕ್ಕದು ಮಾಡಪ್ಪಾ ಅಂದ್ರೆ ಹೆಚ್ಚುಕಮ್ಮಿ ಎಲ್ಲರೂ ಬರ್ಕೊಂಡು ಬರೋದು ಹೀಗೆ: “ಅರೆ ಖುಷ್ಕಿ ಬೆಳೆಗೆ ಜುಲೈ 20ರಿಂದ ಆಗಸ್ಟ್ 4ರವರೆಗೆ ಮಾತ್ರ ನೀರು. ಭತ್ತಕ್ಕೆ ಈ ಸಲ ನೀರಿಲ್ಲ.”

ಚೆನ್ನಾಗೇ ಇದೆ ಅನ್ಸುತ್ತೆ ಅಲ್ವಾ? ಮೂರು ಕಡೆ ಹೋಗಿದೆ.

ಮೊದಲು ತಾರೀಖು. 20ನೇ ತಾರೀಖನ್ನೂ ಸೇರಿಸಿ ಎಣಿಸಿ, ಜುಲೈನಲ್ಲಿ 12 ದಿನ ಸಿಗುತ್ತೆ, ಉಳಿದ 3 ಆಗಸ್ಟಿಗೆ, ಅಂದ್ರೆ ಆಗಸ್ಟ್ 3ಕ್ಕೆ ಮುಗೀತು. ಇವರು 20ಕ್ಕೆ 15 ಕೂಡಿ 31 ಕಳೆದು 4 ಅಂತ ಬರೀತಾರೆ, ಅದು ಹದಿನಾರನೇ ದಿನ. ಒಂದಿನ ತಾನೇ ಅಂತೀರಾ, ನಾಲೆ ಕೊನೇಲಿ ಗದ್ದೆ ಇರೋನನ್ನ ಕೇಳಿ ಆ ಒಂದಿನ ಏನು ಅಂತ.

ಎರಡನೇದು ‘ಮಾತ್ರ’. ಮೂಲದಲ್ಲಿ ಅದು ಬೆಳೆ ಪಕ್ಕದಲ್ಲಿತ್ತು, ಬೇರೆ ಬೆಳೆಗೆ ಇಲ್ಲ ಅಂತ ಅರ್ಥ. ಈಗ ತಾರೀಖಿನ ಪಕ್ಕ ಕೂತಿದೆ, ಆಮೇಲೆ ನೀರೇ ಬರಲ್ಲ ಅಂತಾಯ್ತು. ಮೂಲದಲ್ಲಿ 15 ದಿನ ಆದ್ಮೇಲೆ ಏನು ಅನ್ನೋ ಮಾತೇ ಇರಲಿಲ್ಲ, ಮತ್ತೆ ಬಿಡಬಹುದು ಬಿಡದೇ ಇರಬಹುದು, ಅದನ್ನ ತೀರ್ಮಾನ ಮಾಡೋಕೆ ನಾವ್ಯಾರು?

ಮೂರನೇದೇ ನಂಗೆ ಹೊಟ್ಟೆ ಉರಿಸೋದು. ‘ಮುಂದಿನ ಆದೇಶದವರೆಗೆ ಇಲ್ಲ’ ಅಂದ್ರೆ ಸದ್ಯಕ್ಕಿಲ್ಲ, ಆದೇಶ ಬಂದ್ರೂ ಬರಬಹುದು. ‘ಈ ಸಲ ಇಲ್ಲ’ ಅಂದ್ರೆ ಬಾಗಿಲು ಹಾಕ್ದಂಗೆ. ಬೋರ್ ನೀರು ಇರೋ ರೈತ ಆದೇಶ ಬಂದ್ರೂ ಬರಬಹುದು ಅಂತ ಒಟ್ಲು ಹಾಕ್ಕೋತಾನೆ, ಯಾಕಂದ್ರೆ ಪೈರು ನಾಟಿಗೆ ಬರೋಕೆ ಮೂರು ವಾರಕ್ಕೆ ಮೇಲೇ ಬೇಕು. ನಮ್ಮ ವಾಕ್ಯ ಓದ್ಕೊಂಡು ಸುಮ್ನಾದ ಅಂದ್ರೆ, ಆದೇಶ ಬಂದ ದಿನ ಗದ್ದೇಲಿ ನೀರಿರುತ್ತೆ, ಕೈಲಿ ಪೈರಿರಲ್ಲ. ಹಂಗಂತ ಖಂಡಿತಾ ಬರುತ್ತೆ ಅನ್ನೋ ಥರಾನೂ ಬರೀಬಾರದು, ಅದೂ ಅಷ್ಟೇ ತಪ್ಪು. ನಾನಾದ್ರೆ ಇಷ್ಟೇ ಬರೀತೀನಿ: “ಜುಲೈ 20ರಿಂದ ಆಗಸ್ಟ್ 3ರವರೆಗೆ ನಾಲೆ ನೀರು ಅರೆ ಖುಷ್ಕಿ ಬೆಳೆಗೆ ಮಾತ್ರ. ಮುಂದಿನ ಆದೇಶ ಬರುವವರೆಗೆ ಭತ್ತಕ್ಕೆ ಇಲ್ಲ.”

‘ಇಲ್ಲ’ದ್ದೇ ಇನ್ನೊಂದು ಕಾಟ. “ಎಲ್ಲಾ ಹಳ್ಳಿಗೂ ನೀರು ಬಂದಿಲ್ಲ” ಅಂತ ವರದಿ ಬರುತ್ತೆ. ಒಂದು ಹಳ್ಳಿಗೂ ಬಂದಿಲ್ವಾ, ಇಲ್ಲಾ ಕೆಲವಕ್ಕೆ ಬಂದು ಕೆಲವಕ್ಕೆ ಬಂದಿಲ್ವಾ? ಮಾತಾಡೋವಾಗ ದನಿಯಲ್ಲಿ ಗೊತ್ತಾಗುತ್ತೆ, ಅಚ್ಚಲ್ಲಿ ದನಿ ಎಲ್ಲಿಂದ ತರ್ತೀರಿ. ಇಂಥ ವಾಕ್ಯನ ಊಹೆ ಮೇಲೆ ತಿದ್ದಲೇಬೇಡಿ, ವರದಿ ಕಳಿಸ್ದೋರಿಗೆ ಫೋನ್ ಹಾಕಿ. ಆಮೇಲೆ ‘ಯಾವ ಹಳ್ಳಿಗೂ’ ಅಂತಲೋ ‘ಕೆಲವು ಹಳ್ಳಿಗೆ’ ಅಂತಲೋ ಬರೀರಿ.

ಇನ್ನು ‘ಬಹುತೇಕ’. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ. ನೂರಡಿ ದಾಟಿತು ಅಂದ ತಕ್ಷಣ ‘ಬಹುತೇಕ ಭರ್ತಿ’ ಅಂತ ಹೆಡ್ಡಿಂಗ್ ಹಾಕೋಕೆ ಕೈ ತುರಿಸುತ್ತೆ, ಅಳತೆಯಲ್ಲಿ ನೂರಕ್ಕೆ ಎಂಬತ್ತು ಭಾಗ ಆಯ್ತಲ್ಲ ಅಂತ. ಆದ್ರೆ ಜಲಾಶಯ ಮೇಲಕ್ಕೆ ಹೋದಂಗೆ ಅಗಲ ಆಗುತ್ತೆ, ಹಂಗಾಗಿ ಮೇಲಿನ ಒಂದಡೀಲಿ ನಿಲ್ಲೋ ನೀರು ಕೆಳಗಿನ ಒಂದಡಿಗಿಂತ ತುಂಬಾ ಜಾಸ್ತಿ. ಒಟ್ಟು ಸಾಮರ್ಥ್ಯ 49.45 ಟಿಎಂಸಿ, ನೂರಡಿ ಇದ್ದಾಗ ಅದರ ಅರ್ಧಾನೂ ಇರಲ್ಲ. ಅಡಿ ಲೆಕ್ಕನ ತುಂಬಿದ ಲೆಕ್ಕ ಮಾಡಿದ್ರೆ ಓದ್ದೋರು ಮೋಸ ಹೋಗ್ತಾರೆ. ಎಷ್ಟಡಿ, ಎಷ್ಟು ಟಿಎಂಸಿ, ಎರಡೂ ಹಾಕಿ, ‘ಬಹುತೇಕ’ ಬಿಟ್ಬಿಡಿ. ಮೂಲದೋರು ‘ಸುಮಾರು’ ಅಂದಿದ್ರೆ ಅದನ್ನ ಮಾತ್ರ ಬಿಡ್ಬೇಡಿ, ಅವರಿಗೇ ಖಚಿತ ಇಲ್ದಿರೋ ಸಂಖ್ಯೆನ ನಾವ್ಯಾಕೆ ಖಚಿತ ಮಾಡ್ಬೇಕು.

ತಿದ್ದಿದ್ಮೇಲೆ ನಾನು ಮಾಡೋದಿಷ್ಟೇ. ಮೂಲ ಓದದೇ ಇರೋ ಒಬ್ರನ್ನ ಕರೆದು ಹೊಸ ವಾಕ್ಯ ಕೊಟ್ಟು, ಯಾರಿಗೆ, ಯಾವತ್ತಿಂದ ಯಾವತ್ತಿನವರೆಗೆ, ಯಾರಿಗಿಲ್ಲ ಅಂತ ಕೇಳ್ತೀನಿ. ಉತ್ತರನ ಮೂಲದ ಜೊತೆ ಹೋಲಿಸ್ತೀನಿ. ನಮ್ಮ ಆಫೀಸ್ ಕೆಳಗಿನ ಟೀ ಅಂಗಡಿ ಯಜಮಾನ್ರು ಇದಕ್ಕೆ ನಂಗೆ ಸಿಕ್ಕಿರೋ ಒಳ್ಳೆ ಪರೀಕ್ಷಕರು, ಅವರಿಗೂ ಎರಡೆಕರೆ ಗದ್ದೆ ಇದೆ. ಆದ್ರೆ ಟೆಂಡರ್, ಕೋರ್ಟ್ ನೋಟಿಸ್, ಜಮೀನು ಹರಾಜು, ಇಂಥವನ್ನ ಅವರ ಹತ್ರಾನೂ ಒಯ್ಯಲ್ಲ, ಬೇರೆ ಮಾತಲ್ಲೂ ಬರೆಯಲ್ಲ, ಬಂದಿದ್ದನ್ನ ಬಂದಂಗೇ ಹಾಕ್ತೀನಿ.