ವಿಯುಎಸ್ ಅಂದ್ರೆ ಫಿಫ್ಟಿ-ಫಿಫ್ಟಿ ಅಲ್ಲ

ಡೊಂಬಿವಲಿಯ ನಮ್ಮ ಕನ್ನಡ ಗ್ರೂಪಲ್ಲಿ ಹೋದ ವಾರ ಮತ್ತೆ ಅದೇ ಮಾತು: "ಮಗೂಗೆ ಜೀನ್ ಟೆಸ್ಟಲ್ಲಿ ವಿಯುಎಸ್ ಬಂತಂತೆ. ಫಿಫ್ಟಿ-ಫಿಫ್ಟಿಯಂತೆ, ಪಾಪ." ಇಂಥ ರಿಪೋರ್ಟ್ ಬರೆಯೋದೇ ನನ್ನ ಕೆಲಸ. ಎಷ್ಟು ಸಲ ಅಂತ ಸುಮ್ನೆ ಇರಲಿ?

ವಿಯುಎಸ್ ಅಂದರೆ 'ವೇರಿಯೆಂಟ್ ಆಫ್ ಅನ್‌ಸರ್ಟನ್ ಸಿಗ್ನಿಫಿಕೆನ್ಸ್'. ಇಲ್ಲಿ 'ಅನ್‌ಸರ್ಟನ್' ಯಾವುದಕ್ಕೆ ಅಂಟಿದೆ ನೋಡಿ. ವೇರಿಯೆಂಟಿಗಲ್ಲ, ಸಿಗ್ನಿಫಿಕೆನ್ಸಿಗೆ. ಡಿಎನ್‌ಎಯಲ್ಲಿ ಅಕ್ಷರ ಬದಲಾಗಿರುವುದು ಖಚಿತ. ಅದರಿಂದ ಏನಾಗುತ್ತೆ ಅನ್ನೋದಕ್ಕೆ ನಮ್ಮ ಕೈಲಿರುವ ಪುರಾವೆ ಸಾಲದು, ಅಷ್ಟೇ. ಮಗುವಿಗೆ ಅರ್ಧ ರೋಗ ಅಂತಲೂ ಅಲ್ಲ, 'ಸ್ವಲ್ಪ ಪಾಸಿಟಿವ್' ಅಂತಲೂ ಅಲ್ಲ.

ಒಂದು ಲೆಕ್ಕ ಮಾಡೋಣ. ಮಗುವಿಗೆ ಜ್ವರ ಬಂದಾಗೆಲ್ಲ ಫಿಟ್ಸ್, ಡ್ರಾವೆ ಸಿಂಡ್ರೋಮಿನ ಲಕ್ಷಣ. ಆ ರೋಗಕ್ಕೆ ಸಂಬಂಧಿಸಿದ SCN1A ಜೀನಲ್ಲಿ ಯಾರೂ ಹಿಂದೆ ಕಾಣದ ಬದಲಾವಣೆ ಸಿಕ್ಕಿದೆ ಅಂದುಕೊಳ್ಳಿ. 2015ರ ಅಮೆರಿಕದ ಮಾರ್ಗಸೂಚಿಯ ಪುರಾವೆಗಳಿಗೆ ಈಗ ಪಾಯಿಂಟ್ ಕೊಡುತ್ತಾರೆ. ಜನರ ಡಿಎನ್‌ಎ ಬದಲಾವಣೆಗಳನ್ನು ಪಟ್ಟಿಮಾಡುವ gnomAD ಡೇಟಾಬೇಸಿನಲ್ಲಿ ಅದು ಇಲ್ಲವೇ ಇಲ್ಲ: 1 ಪಾಯಿಂಟ್. ಪ್ರೋಟೀನ್ ಕೆಡಬಹುದು ಅಂತ ಕಂಪ್ಯೂಟರ್ ಊಹೆ: ಇನ್ನೊಂದು. ಒಟ್ಟು 2. 0ದಿಂದ 5ರವರೆಗೆ ವಿಯುಎಸ್. ಬದಲಾವಣೆ ರೋಗ ತರುವುದರ ಹೆಚ್ಚುಕಮ್ಮಿ ನೂರಕ್ಕೆ 10ರಿಂದ 90ರವರೆಗಿನ ಸಾಧ್ಯತೆ ಆ ಒಂದೇ ಡಬ್ಬದಲ್ಲಿ! ಈ 2 ಪಾಯಿಂಟಿಗೆ ನೂರಕ್ಕೆ ಸುಮಾರು 32 ಬರುತ್ತದೆ. ಫಿಫ್ಟಿ-ಫಿಫ್ಟಿ ಎಲ್ಲಿಂದ ಬಂತು?

ಮುಂದೆ ಅಪ್ಪ-ಅಮ್ಮನ ರಕ್ತ ನೋಡುತ್ತೇವೆ. ಇಬ್ಬರಲ್ಲೂ ಬದಲಾವಣೆ ಇಲ್ಲ. ಹೆತ್ತವರು ಇವರೇ ಅಂತ ಡಿಎನ್‌ಎಯಿಂದಲೇ ಖಾತ್ರಿಯಾಗಬೇಕು, ಅದೂ ಆಯಿತು. ಅಂದರೆ ಮಗುವಿನಲ್ಲೇ ಹೊಸದಾಗಿ ಹುಟ್ಟಿದ್ದು. ರೋಗದ ಲಕ್ಷಣ ಜೀನಿಗೆ ಹೊಂದುತ್ತಿದ್ದರೆ ಇದಕ್ಕೆ 4 ಪಾಯಿಂಟ್. ಒಟ್ಟು 6: 'ಲೈಕ್ಲಿ ಪ್ಯಾಥೊಜೆನಿಕ್', ಅಂದರೆ ರೋಗ ತರುವ ಸಾಧ್ಯತೆ ನೂರಕ್ಕೆ ಸುಮಾರು 90. ಮಗು ಅದೇ, ಅಕ್ಷರ ಅದೇ. ಬದಲಾಗಿದ್ದು ನಮ್ಮ ತಿಳಿವಳಿಕೆ. ಪೂರಾ 'ಪ್ಯಾಥೊಜೆನಿಕ್' ಆಗಲು 10 ಬೇಕು.

ಬಿನೈನ್, ಅಂದರೆ ತೊಂದರೆ ಕೊಡದ್ದು, ಆ ಕಡೆಗೆ ಮೈನಸ್ ಪಾಯಿಂಟ್; ಪೂರಾ 'ಬಿನೈನ್' ಆಗಲು ಒಟ್ಟು -7 ಅಥವಾ ಅದಕ್ಕೂ ಕೆಳಗೆ ಬರಬೇಕು. ಆದರೆ ಯಾವುದಾದರೂ ಜನಸಮುದಾಯದಲ್ಲಿ ಬದಲಾವಣೆ ನೂರಕ್ಕೆ 5ಕ್ಕಿಂತ ಜಾಸ್ತಿ ಕಂಡರೆ ಸಾಮಾನ್ಯವಾಗಿ ಅದೊಂದೇ ಸಾಕು.

ಅಪ್ಪನಲ್ಲೂ ಅದೇ ಇದ್ದು, ಅವರು ಗಟ್ಟಿಮುಟ್ಟಾಗಿದ್ದರೆ? "ಹಾಗಾದ್ರೆ ಏನೂ ಇಲ್ಲ" ಅನ್ನೋರು ಇದ್ದಾರೆ. ತಡೀರಿ. ಅಪ್ಪನ ಕೆಲವೇ ಜೀವಕೋಶಗಳಲ್ಲಿ ಇರಬಹುದು, ಅದಕ್ಕೆ ಮೊಸಾಯಿಕ್ ಅಂತಾರೆ. ಕೆಲವರಿಗೆ ಬದಲಾವಣೆ ಇದ್ದರೂ ತೊಂದರೆ ಕಾಣಿಸೋದಿಲ್ಲ. ಆಗ 4 ಪಾಯಿಂಟ್ ಸಿಗೋದಿಲ್ಲ, ರಿಪೋರ್ಟಲ್ಲಿ ವಿಯುಎಸ್ ಹಾಗೇ ಉಳಿಯುತ್ತದೆ. ಮಗುವಿನ ಫಿಟ್ಸಿಗೆ ಔಷಧ ಕೊಡೋ ಡಾಕ್ಟರು ಲಕ್ಷಣ ನೋಡಿಯೇ ಕೊಡುತ್ತಾರೆ.